ನೆನೆದುಹೋದ ಉದ್ರಿ ಪುಸ್ತಕದ ಒಂದು ಪುಟ: ಸ್ಕ್ರೀನ್‌ಶಾಟ್‌ನಿಂದ ಖಾತೆವಾರು ಬಾಕಿಯವರೆಗೆ

ತೀರ್ಥಹಳ್ಳಿ ಸೀಮೆಯ ಒಂದು ಹಳ್ಳಿಯಲ್ಲಿ ನನ್ನ ಸೋದರಮಾವ ಕಿರಾಣಿ ಅಂಗಡಿ ನಡೆಸುತ್ತಾರೆ. ಜೂನ್ ತಿಂಗಳ ಮಧ್ಯದಲ್ಲಿ ಸುರಿದ ಮಳೆಗೆ ಅಂಗಡಿಯ ಮಾಡಿನ ಹಂಚು ಸರಿದು, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದ್ದ ಉದ್ರಿ ಪುಸ್ತಕ ರಾತ್ರಿಯಿಡೀ ನೀರಿನಲ್ಲಿ ನೆನೆಯಿತು. ಬಾಲ್‌ಪೆನ್ನಿನ ಶಾಯಿಯಲ್ಲಿ ಎಣ್ಣೆಯ ಅಂಶವಿರುವುದರಿಂದ ಅದು ನೀರಿಗೆ ಸುಲಭವಾಗಿ ಕದಡುವುದಿಲ್ಲ. ಆದರೆ ಮಾವ ಈ ಪುಸ್ತಕವನ್ನು ಜೆಲ್ ಪೆನ್ನಿನಲ್ಲಿ ಬರೆದಿದ್ದರು. ಬೆಳಿಗ್ಗೆ ತೆರೆದಾಗ ಹಾಳೆಗಳ ತುಂಬ ನೀಲಿ ಕಲೆ ಮಾತ್ರ ಇತ್ತು. ಅದೃಷ್ಟಕ್ಕೆ ಜೂನ್ 10ರ ರಾತ್ರಿ ಮಾವನ ಮಗಳು ಆ ದಿನದ ಪುಟದ ಫೋಟೋ ತೆಗೆದು ಅವರಿಗೆ ವಾಟ್ಸಾಪ್‌ನಲ್ಲಿ ಕಳುಹಿಸಿದ್ದಳು. ಫೋನಿನಲ್ಲಿ ಜಾಗ ಸಾಲದೆ ಆ ಫೋಟೋ ಅಳಿಸಿಹೋಗಿದ್ದರೂ, ಅದನ್ನು ತೆರೆದಿಟ್ಟುಕೊಂಡು ಮಾವ ತೆಗೆದಿದ್ದ ಒಂದು ಸ್ಕ್ರೀನ್‌ಶಾಟ್ ಉಳಿದಿತ್ತು. ಆ ಒಂದು ಚಿತ್ರದಿಂದ ಯಾರ ಬಾಕಿ ಎಷ್ಟು ಎಂಬುದನ್ನು ಮರಳಿ ಕಟ್ಟಿದ ಕೆಲಸದ ದಾಖಲೆ ಇದು. ಗಿರಾಕಿಗಳ ಹೆಸರುಗಳನ್ನು ಬದಲಿಸಿದ್ದೇನೆ.

ಪುಸ್ತಕ ಕೈಯಲ್ಲಿ ಇರುವವರು ಈ ದಾರಿ ಹಿಡಿಯಬೇಕಾಗಿಲ್ಲ. ಹಗಲು ಬೆಳಕಿನಲ್ಲಿ, ಪುಟವೊಂದಕ್ಕೆ ಒಂದರಂತೆ ಹೊಸ ಫೋಟೋ ತೆಗೆದು, ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳುಹಿಸುವ ಬದಲು ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಮೂಲ ಚಿತ್ರವೇ ಕುಗ್ಗದೆ ತಲುಪುತ್ತದೆ. ನಮ್ಮ ಚಿತ್ರ ಎರಡು ಬಾರಿ ಸೊರಗಿತ್ತು: ಕಳುಹಿಸುವಾಗ ಒಮ್ಮೆ ಕುಗ್ಗಿತು, ಸ್ಕ್ರೀನ್‌ಶಾಟ್ ತೆಗೆದಾಗ ಫೋನಿನ ಪರದೆಯ ಅಗಲಕ್ಕೆ ಮತ್ತೊಮ್ಮೆ ಇಳಿಯಿತು. ಸ್ಕ್ರೀನ್‌ಶಾಟ್‌ನ ಅಳತೆ 1080×2340 ಪಿಕ್ಸೆಲ್ ಇತ್ತು, ಅದರ ನಡುವೆ ಪುಟದ ಚಿತ್ರ ಇದ್ದದ್ದು 1080×1440ರಷ್ಟು. ಪುಟದಲ್ಲಿ 21 ಸಾಲುಗಳಿದ್ದವು. ಒಂದು ಸಾಲಿಗೆ ಸುಮಾರು 55 ಪಿಕ್ಸೆಲ್ ಎತ್ತರ, ಒಂದು ಅಂಕಿಗೆ ಹೆಚ್ಚೆಂದರೆ 25ರಿಂದ 30. ಮನುಷ್ಯನ ಕಣ್ಣಿಗೆ ಇದು ಸಾಕು, ಆದರೆ ಅನುಮಾನಕ್ಕೆ ಎಡೆಯಿಲ್ಲದಷ್ಟು ಸಾಕಲ್ಲ.

ಮೊದಲ ತೊಡಕು ನೆರಳು. ಫೋಟೋ ತೆಗೆದವಳ ಕೈಯ ನೆರಳು ಪುಟದ ಬಲಭಾಗದ ಮೇಲೆ, ಸರಿಯಾಗಿ ಮೊತ್ತಗಳಿದ್ದ ಜಾಗದ ಮೇಲೆಯೇ ಬಿದ್ದಿತ್ತು. ಇಡೀ ಚಿತ್ರದ ಬೆಳಕನ್ನು ಒಟ್ಟಿಗೆ ಹೆಚ್ಚಿಸಿದರೆ ಎಡಭಾಗದ ಹೆಸರುಗಳು ಬೆಳ್ಳಗೆ ಕರಗಿಹೋಗುತ್ತವೆ, ಬಲಭಾಗ ಮಬ್ಬಾಗಿಯೇ ಉಳಿಯುತ್ತದೆ. ಆದ್ದರಿಂದ ಚಿತ್ರದ್ದೇ ಒಂದು ಪ್ರತಿಯನ್ನು ಚೆನ್ನಾಗಿ ಮಸುಕುಗೊಳಿಸಿ, ಮೂಲವನ್ನು ಅದರಿಂದ ಭಾಗಿಸುವ ಉಪಾಯವನ್ನು ಬಳಸಿದೆ. ಮಸುಕಾದ ಪ್ರತಿಯಲ್ಲಿ ಅಕ್ಷರಗಳು ಮಾಯವಾಗಿ ಕಾಗದದ ಬೆಳಕು ಮತ್ತು ನೆರಳು ಮಾತ್ರ ಉಳಿಯುವುದರಿಂದ, ಭಾಗಿಸಿದಾಗ ನೆರಳು ರದ್ದಾಗಿ ಬರಹ ಉಳಿಯುತ್ತದೆ. ಚಿತ್ರ ತಿದ್ದುವ ಇಮೇಜ್‌ಮ್ಯಾಜಿಕ್ ಎಂಬ ತಂತ್ರಾಂಶದಲ್ಲಿ ಇದು ಒಂದೇ ಆದೇಶ:

```
magick udri.png -crop 1080x1440+0+450 +repage \
  -colorspace Gray \( +clone -blur 0x20 \) \
  -compose Divide_Src -composite -resize 300% puta.png
```

ಕೊನೆಯಲ್ಲಿ ಮೂರು ಪಟ್ಟು ಹಿಗ್ಗಿಸಿರುವುದು ಕಣ್ಣಿನ ಅನುಕೂಲಕ್ಕೆ ಮಾತ್ರ. ಮೂಲದಲ್ಲಿ ಇಲ್ಲದ ಗೆರೆಯೊಂದು ಹಿಗ್ಗಿಸಿದ್ದರಿಂದ ಹುಟ್ಟುವುದಿಲ್ಲ. ಮೂಲ ಸ್ಕ್ರೀನ್‌ಶಾಟನ್ನು ಮುಟ್ಟದೆ ಬೇರೆ ಕಡೆ ಒಂದು ಪ್ರತಿ ಇಟ್ಟೆ. ಸಂಸ್ಕರಿಸಿದ ಚಿತ್ರದಲ್ಲಿ ಚುಕ್ಕೆಯೊಂದು ಅಂಕಿಯಂತೆ ಕಂಡಾಗ ಮರಳಿ ನೋಡಲು ಅದೇ ಆಧಾರ.

ಅಕ್ಷರ ಗುರುತಿಸುವ ತಂತ್ರಾಂಶಕ್ಕೂ ಒಂದು ಸಂಜೆ ಕೊಟ್ಟೆ. ಟೆಸರಾಕ್ಟ್‌ನಲ್ಲಿ ಕನ್ನಡದ ಕಲಿಕೆಯ ಕಡತ ಇದೆ, ಆದರೆ ಅದನ್ನು ರೂಪಿಸಿರುವುದು ಅಚ್ಚಿನ ಅಕ್ಷರಗಳಿಗೆ. ಮಾವನ ಕೂಡುಬರಹದಲ್ಲಿ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ, ತಲೆಕಟ್ಟು ಇರುವುದೇ ಇಲ್ಲ. ಬಂದ ಫಲಿತಾಂಶದಲ್ಲಿ ಒಂದು ಹೆಸರೂ ಓದುವಂತಿರಲಿಲ್ಲ. 21 ಸಾಲಿನ ಪುಟವನ್ನು ಕೈಯಲ್ಲಿ ನಮೂದಿಸಲು ಅರ್ಧ ಗಂಟೆ ಸಾಕು. ತಪ್ಪು ಓದನ್ನು ತಿದ್ದಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಹಾಗಾಗಿ ಕೈಯಲ್ಲಿ ನಮೂದಿಸುವುದೇ ಸರಿ ಎಂದು ತೀರ್ಮಾನಿಸಿದೆ.

ಪುಟವು ಕಿರ್ದಿ, ಬೇಕಾದದ್ದು ಖತಾವಣಿ

ನಮ್ಮ ಹಳೆಯ ಲೆಕ್ಕದ ಪದ್ಧತಿಯಲ್ಲಿ ಎರಡು ಪುಸ್ತಕಗಳಿರುತ್ತವೆ. ನಡೆದದ್ದನ್ನು ನಡೆದ ಕ್ರಮದಲ್ಲಿಯೇ, ದಿನದ ಪ್ರಕಾರ ಬರೆಯುವುದು ಕಿರ್ದಿ. ಅದೇ ನಮೂದುಗಳನ್ನು ವ್ಯಕ್ತಿವಾರು ವಿಂಗಡಿಸಿ ಬರೆಯುವುದು ಖತಾವಣಿ. ಸಣ್ಣ ಅಂಗಡಿಯ ಉದ್ರಿ ಪುಸ್ತಕ ಸಾಮಾನ್ಯವಾಗಿ ಕಿರ್ದಿ ಮಾತ್ರ. ಖತಾವಣಿ ಅಂಗಡಿಯವರ ತಲೆಯಲ್ಲಿರುತ್ತದೆ. ಈ ವ್ಯತ್ಯಾಸವನ್ನು ಕೆಲಸದ ಬುನಾದಿಯಾಗಿ ಇಟ್ಟುಕೊಂಡೆ. ಚಿತ್ರವನ್ನು ನೋಡುತ್ತ ನೇರವಾಗಿ "ಟೈಲರ್ ಬಾಕಿ ಇಷ್ಟು" ಎಂದು ಕೂಡಲು ಹೋದರೆ, ಓದಿದ್ದು ಯಾವುದು, ಊಹಿಸಿದ್ದು ಯಾವುದು ಎಂಬುದು ಬೆರೆತುಹೋಗುತ್ತದೆ, ತಪ್ಪಾದಾಗ ಎಲ್ಲಿ ತಪ್ಪಾಯಿತೆಂದು ಹುಡುಕಲು ದಾರಿ ಇರುವುದಿಲ್ಲ. ಆದ್ದರಿಂದ ಗೂಗಲ್ ಶೀಟ್ಸ್‌ನಲ್ಲಿ ಎರಡು ಹಾಳೆ ಮಾಡಿದೆ. `Kirdi` ಹಾಳೆಯಲ್ಲಿ ಚಿತ್ರದ ಒಂದು ಸಾಲಿಗೆ ಒಂದು ಸಾಲು. `Khate` ಹಾಳೆಯಲ್ಲಿ ಕೈಯಿಂದ ಯಾವ ಮೊತ್ತವನ್ನೂ ಬರೆಯದೆ, ಸೂತ್ರದಿಂದ ಬಂದ ಬಾಕಿ ಮಾತ್ರ.

`Kirdi` ಹಾಳೆಯ ಕಂಬಗಳು ಹೀಗಿವೆ: A ಸಾಲಿನ ಸಂಖ್ಯೆ, B ದಿನಾಂಕ, C ಪುಸ್ತಕದಲ್ಲಿ ಬರೆದಿರುವಂತೆ, D ಖಾತೆ, E ಉದ್ರಿ, F ಜಮಾ, G ಷರಾ. ಇವುಗಳಲ್ಲಿ C ಕಂಬ ಎಲ್ಲಕ್ಕಿಂತ ಮುಖ್ಯ. "ಕೆಳಮನೆ ಹುಡುಗ" ಎಂದು ಬರೆದಿದ್ದರೆ ಅಲ್ಲಿ ಹಾಗೆಯೇ ಇರಬೇಕು. ಅದು "ಕೆಳಮನೆ" ಎಂಬ ಖಾತೆಗೆ ಸೇರುತ್ತದೆ ಎನ್ನುವುದು ನನ್ನ ತೀರ್ಮಾನವಾದ್ದರಿಂದ ಅದು D ಕಂಬಕ್ಕೆ ಹೋಗಬೇಕು. ಪುಟದ ಮೇಲ್ಭಾಗದ ಐದು ಸಾಲುಗಳು ಹಿಂದಿನ ಪುಟದಿಂದ ತಂದ ಬಾಕಿಗಳು. ಅವನ್ನೂ ಮಾಮೂಲಿ ನಮೂದಿನಂತೆ ಉದ್ರಿ ಕಂಬದಲ್ಲಿಯೇ ಬರೆದು, ಷರಾದಲ್ಲಿ "ಹಿಂದಿನ ಬಾಕಿ" ಎಂದು ಗುರುತಿಸಿದೆ. ಪುಟದಲ್ಲಿ ನಿಜವಾಗಿ ಇದ್ದದ್ದು ಇದು:

| ಸಾಲು | ದಿನ | ಬರೆದಿರುವಂತೆ | ಮೊತ್ತ |
|---|---|---|---|
| 1 | | ಕೆಳಮನೆ ಹಿಂ.ಬಾ. | 640/- |
| 2 | | ಮೇಷ್ಟ್ರು ಹಿಂ.ಬಾ. | 285/- |
| 3 | | ಟೈಲರ್ ಹಿಂ.ಬಾ. | 1120/- |
| 4 | | ರಾಜಣ್ಣ ಹಿಂ.ಬಾ. | 410/- |
| 5 | | ಸಾವಿತ್ರಮ್ಮ ಹಿಂ.ಬಾ. | 95/- |
| 6 | 3-6 | ಕೆಳಮನೆ ಅಕ್ಕಿ 5 ಕೆಜಿ | 260/- |
| 7 | 3-6 | ಮೇಷ್ಟ್ರು ಕಾಫಿಪುಡಿ | 82-50 |
| 8 | 4-6 | ರಾಜು ಸಕ್ಕರೆ | 45/- |
| 9 | 4-6 | ಟೈಲರ್ ಜ. | 500/- |
| 10 | 5-6 | ಸಾವಿತ್ರಮ್ಮ ಎಣ್ಣೆ | 145/- |
| 11 | 5-6 | ಕೆಳಮನೆ ಹುಡುಗ ಬಿಸ್ಕತ್ತು | 20/- |
| 12 | 6-6 | ರಾಜಣ್ಣ ತೊಗರಿಬೇಳೆ | 170/- |
| 13 | 7-6 | ಮೇಷ್ಟ್ರು ಜ. | 285/- |
| 14 | 7-6 | ಟೈಲರ್ ಸಾಮಾನು | 372/- |
| 15 | 8-6 | ಸಾವಿತ್ರಮ್ಮ ಸಾಮಾನು | 63/- |
| 16 | 9-6 | ಕೆಳಮನೆ ಜ. | 400/- |
| 17 | 9-6 | ರಾ. ಸೋಪು | 76/- |
| 18 | 9-6 | ಕೆಳಮನೆ (ಹೊಡೆದುಹಾಕಿದೆ) | 55/- |
| 19 | 10-6 | ಮೇಷ್ಟ್ರು ಅಕ್ಕಿ 10 ಕೆಜಿ | 520/- |
| 20 | 10-6 | ಟೈಲರ್ | 38/- |
| 21 | | ಒಟ್ಟು ಬರಬೇಕಾದ್ದು | 3156-50 |

ಇದಲ್ಲದೆ 9, 13 ಮತ್ತು 16ನೇ ಸಾಲುಗಳ ಪಕ್ಕದ ಅಂಚಿನಲ್ಲಿ ಕ್ರಮವಾಗಿ 620, 82-50, 520 ಎಂಬ ಮೂರು ಅಂಕಿಗಳನ್ನು ವೃತ್ತದೊಳಗೆ ಬರೆದಿತ್ತು. ಇವು ಹೊಸ ಉದ್ರಿಯೇನೋ ಎಂದು ಮೊದಲು ಅನುಮಾನಿಸಿ, ಯಾವ ಕಂಬಕ್ಕೂ ಹಾಕದೆ ಷರಾದಲ್ಲಿ ಮಾತ್ರ ಬರೆದಿಟ್ಟು ಮಾವನನ್ನು ಕೇಳಿದೆ. "ಯಾರಾದ್ರೂ ದುಡ್ಡು ಕೊಟ್ಟಾಗ ಅವರೆದುರಿಗೇ ಉಳಿದದ್ದು ಎಷ್ಟು ಅಂತ ಲೆಕ್ಕ ಮಾಡಿ ಸುತ್ತು ಹಾಕ್ತೀನಿ ಕಣೋ, ಆಮೇಲೆ ತಕರಾರು ಬರಬಾರದು ಅಂತ" ಎಂದರು. ಈ ಮಾತು ಮುಂದೆ ತುಂಬ ಉಪಯೋಗಕ್ಕೆ ಬಂತು. ವೃತ್ತದ ಅಂಕಿ ನಮೂದಲ್ಲ, ಗಿರಾಕಿಯೂ ಅಂಗಡಿಯವರೂ ಒಟ್ಟಿಗೆ ಒಪ್ಪಿದ ಬಾಕಿ. 18ನೇ ಸಾಲಿನ ಮೇಲೆ ಎಳೆದ ಗೆರೆಯ ಅರ್ಥವನ್ನೂ ಆಗಲೇ ಕೇಳಿಕೊಂಡೆ: ತೆಗೆದುಕೊಂಡ ಸಾಮಾನನ್ನು ಹಿಂದಿರುಗಿಸಿದ್ದರು. ಆ ಸಾಲನ್ನು ಅಳಿಸದೆ, ಮೊತ್ತದ ಕಂಬ ಖಾಲಿ ಬಿಟ್ಟು, ಷರಾದಲ್ಲಿ ಕಾರಣ ಬರೆದೆ. ಹೊಡೆದುಹಾಕಿದ ಸಾಲಿಗೆ ಬೇರೆ ಅಂಗಡಿಗಳಲ್ಲಿ "ಹಣ ಸಂದಾಯವಾಯಿತು" ಎಂಬ ಅರ್ಥವೂ ಇರಬಹುದು, ಆದ್ದರಿಂದ ಇದನ್ನು ಬರೆದವರನ್ನೇ ಕೇಳಬೇಕು.

ನಮೂದಿಸುವಾಗ

ದಿನಾಂಕದಲ್ಲಿ ಒಂದು ಅಪಾಯ ಇದೆ. `3-6` ಎಂದು ಒತ್ತಿದರೆ ಶೀಟ್ಸ್ ಅದನ್ನು ತಾನಾಗಿಯೇ ದಿನಾಂಕವೆಂದು ತಿಳಿಯುತ್ತದೆ. ಕಡತದ ಪ್ರದೇಶ ಅಮೆರಿಕ ಎಂದಿದ್ದರೆ ಅದು ಮಾರ್ಚ್ 6 ಆಗುತ್ತದೆ, ಭಾರತ ಎಂದಿದ್ದರೆ ಜೂನ್ 3. ಸೆಟ್ಟಿಂಗ್ಸ್‌ನಲ್ಲಿ ಪ್ರದೇಶವನ್ನು ಭಾರತಕ್ಕೆ ಬದಲಿಸಿದ ಮೇಲೆಯೇ ಆರಂಭಿಸಿದೆ.

ಖಾತೆಯ ಹೆಸರನ್ನು ಪ್ರತಿ ಸಲ ಹೊಸದಾಗಿ ಒತ್ತಬಾರದು. ಒಂದು ಕಡೆ "ಮೇಷ್ಟ್ರು", ಇನ್ನೊಂದು ಕಡೆ "ಮೇಸ್ಟ್ರು" ಎಂದಾದರೆ ನಮಗೆ ಅವರಿಬ್ಬರೂ ಒಬ್ಬರೇ, ಆದರೆ ಸೂತ್ರಕ್ಕೆ ಇಬ್ಬರು. `Khate` ಹಾಳೆಯ A ಕಂಬದಲ್ಲಿ ಹೆಸರುಗಳ ಪಟ್ಟಿ ಮಾಡಿ, `Kirdi` ಹಾಳೆಯ D ಕಂಬಕ್ಕೆ ಅದೇ ಪಟ್ಟಿಯಿಂದ ಆರಿಸುವ ಡ್ರಾಪ್‌ಡೌನ್ ಕಟ್ಟಿದೆ. "ರಾಜಣ್ಣ", "ರಾಜು", "ರಾ." ಎಂಬ ಮೂರು ಬರಹಗಳಿಗೆ ಆ ಹಂತದಲ್ಲಿ ಮೂರು ಬೇರೆ ಖಾತೆಗಳನ್ನೇ ತೆರೆದೆ. ಎರಡು ಖಾತೆಗಳನ್ನು ಆಮೇಲೆ ಸೇರಿಸುವುದು ಸುಲಭ, ಸೇರಿಸಿದ್ದನ್ನು ಬಿಡಿಸುವುದು ಕಷ್ಟ.

`Khate` ಹಾಳೆಯ B2ರಲ್ಲಿ ಬಾಕಿಯ ಸೂತ್ರ ಬರೆದು ಕೆಳಗೆ ಎಳೆದೆ:

```
=SUMIFS(Kirdi!E:E,Kirdi!D:D,A2)-SUMIFS(Kirdi!F:F,Kirdi!D:D,A2)
```

ಯಾವ ಸಾಲೂ ಖಾತೆಯಿಲ್ಲದೆ ಹೊರಗುಳಿದಿಲ್ಲ ಎಂಬುದನ್ನು ನೋಡಲು ಬೇರೊಂದು ಕೋಶದಲ್ಲಿ ತಾಳೆಯ ಸೂತ್ರ. ಇದು ಯಾವಾಗಲೂ ಸೊನ್ನೆಯಾಗಿರಬೇಕು:

```
=SUM(Kirdi!E:E)-SUM(Kirdi!F:F)-SUM(Khate!B:B)
```

21ನೇ ಸಾಲಿನ ಒಟ್ಟು ಮೊತ್ತವನ್ನು ನಮೂದಾಗಿ ಹಾಕಲಿಲ್ಲ. ಅದನ್ನು ಪಕ್ಕದ ಕೋಶದಲ್ಲಿ ಹೋಲಿಕೆಗೆ ಮಾತ್ರ ಇಟ್ಟುಕೊಂಡೆ.

ತಾಳೆಯಾಗದ ಲೆಕ್ಕ

ಮೊದಲ ಸುತ್ತಿನ ನಮೂದು ಮುಗಿದಾಗ ಬಾಕಿಗಳ ಒಟ್ಟು 4005 ಬಂತು. ಪುಸ್ತಕದಲ್ಲಿ ಇರುವುದು 3156-50. ತಾಳೆಯ ಕೋಶ ಸೊನ್ನೆಯನ್ನೇ ತೋರಿಸುತ್ತಿತ್ತು, ಅಂದರೆ ಖಾತೆಗಳಿಗೆ ಹಂಚಿದ್ದರಲ್ಲಿ ಏನೂ ಕಳೆದಿಲ್ಲ, ಓದಿದ್ದರಲ್ಲಿಯೋ ಒತ್ತಿದ್ದರಲ್ಲಿಯೋ ತಪ್ಪಿದೆ.

ಮೊದಲು ಕಣ್ಣಿಗೆ ಬಿದ್ದದ್ದು 50 ಪೈಸೆ. ಪುಸ್ತಕದ ಮೊತ್ತದಲ್ಲಿ ಅದು ಇದೆ, ನನ್ನ ಮೊತ್ತದಲ್ಲಿ ಇಲ್ಲ. ಇಡೀ ಪುಟದಲ್ಲಿ ಪೈಸೆ ಇರುವ ನಮೂದು ಒಂದೇ, 7ನೇ ಸಾಲಿನ ಕಾಫಿಪುಡಿ. ಅಂಗಡಿಯ ಬರಹದಲ್ಲಿ ರೂಪಾಯಿ ಮತ್ತು ಪೈಸೆಯ ನಡುವೆ ಚುಕ್ಕೆಯ ಬದಲು ಅಡ್ಡಗೆರೆ ಹಾಕುವುದು ರೂಢಿ; ಕೆಲವರು ಎರಡು ಅಡ್ಡಗೆರೆ ಹಾಕಿ 120=00 ಎಂದೂ ಬರೆಯುತ್ತಾರೆ. ನಾನು ಕೈರೂಢಿಯಿಂದ ಮೊತ್ತದ ಕಂಬದಲ್ಲಿಯೂ `82-50` ಎಂದೇ ಒತ್ತಿದ್ದೆ. ಶೀಟ್ಸ್‌ಗೆ ಅದು ಸಂಖ್ಯೆಯಲ್ಲ, ಬರಹ. ಕೂಡುವ ಸೂತ್ರಗಳು ಬರಹವನ್ನು ಯಾವ ಎಚ್ಚರಿಕೆಯನ್ನೂ ಕೊಡದೆ ಬಿಟ್ಟುಬಿಡುತ್ತವೆ. ಇದನ್ನು ಗುರುತಿಸುವ ಸುಲಭ ವಿಧಾನವೆಂದರೆ ಸಂಖ್ಯೆಗಳು ಕೋಶದ ಬಲಕ್ಕೆ ಅಂಟಿ ನಿಲ್ಲುತ್ತವೆ, ಬರಹ ಎಡಕ್ಕೆ. ಕಂಬದುದ್ದಕ್ಕೂ ಒಮ್ಮೆ ಕಣ್ಣಾಡಿಸಿದಾಗ ಆ ಒಂದು ಕೋಶ ಎಡಕ್ಕೆ ನಿಂತಿತ್ತು. `82.50` ಎಂದು ತಿದ್ದಿದೆ. ಒಟ್ಟು 4087.50 ಆಯಿತು. ಪುಸ್ತಕಕ್ಕಿಂತ 931 ಹೆಚ್ಚು.

ಲೆಕ್ಕಿಗರು ವ್ಯತ್ಯಾಸದ ಮೊತ್ತವನ್ನೇ ನೋಡಿ ತಪ್ಪಿನ ಜಾತಿ ಹೇಳುವ ಎರಡು ಪರೀಕ್ಷೆಗಳಿವೆ. ಜಮಾ ಆಗಬೇಕಾದ ಮೊತ್ತವನ್ನು ಉದ್ರಿಗೆ ಹಾಕಿದ್ದರೆ, ಕಳೆಯಬೇಕಾದದ್ದನ್ನು ಕೂಡಿದಂತಾಗಿ ವ್ಯತ್ಯಾಸ ಆ ಮೊತ್ತದ ಎರಡರಷ್ಟಿರುತ್ತದೆ. ವ್ಯತ್ಯಾಸದ ಅರ್ಧಕ್ಕೆ ಸಮನಾದ ನಮೂದನ್ನು ಹುಡುಕಬೇಕು. ಪಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾಗಿದ್ದರೆ ವ್ಯತ್ಯಾಸ 9ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. 931ರ ಅರ್ಧ 465.50, ಅಂತಹ ನಮೂದಿಲ್ಲ. ಅಂಕಿಗಳ ಮೊತ್ತ 13 ಆದ್ದರಿಂದ 9ರಿಂದಲೂ ಭಾಗವಾಗುವುದಿಲ್ಲ. ಈ ಪರೀಕ್ಷೆಗಳು ಒಂದೇ ತಪ್ಪು ಉಳಿದಿರುವಾಗ ಮಾತ್ರ ಮಾತನಾಡುತ್ತವೆ. ಎರಡೂ ಮೌನವಾಗಿದ್ದವು ಎಂದರೆ ತಪ್ಪುಗಳು ಒಂದಕ್ಕಿಂತ ಹೆಚ್ಚು, ಇಲ್ಲವೇ ಬೇರೆ ಜಾತಿಯವು ಎಂದು ಅರ್ಥಮಾಡಿಕೊಂಡು, ಒಟ್ಟು ಮೊತ್ತವನ್ನು ಬದಿಗಿಟ್ಟು ಸಾಲು ಸಾಲಾಗಿ ನೋಡತೊಡಗಿದೆ.

8ನೇ ಸಾಲಿನಲ್ಲಿ ನಾನು ಒತ್ತಿದ್ದು 451. ಸಕ್ಕರೆಗೆ 451 ರೂಪಾಯಿ ಎಂದರೆ ಹತ್ತು ಕಿಲೋ ಹತ್ತಿರ ಆಗಬೇಕು. ಅಕ್ಕಿಯ ಸಾಲುಗಳಲ್ಲಿ ತೂಕ ಬರೆದಿರುವ ಮಾವ ಇಷ್ಟು ದೊಡ್ಡ ಖರೀದಿಗೆ ತೂಕ ಬರೆಯದಿರುವುದು ಅಸಹಜ. ಹಿಗ್ಗಿಸಿ ನೋಡಿದಾಗ ಕೊನೆಯ 1 ಅಂಕಿಯೇ ಆಗಿರಲಿಲ್ಲ. ಅದು 45/- ಎಂಬುದರ ಓರೆಗೆರೆ. ಅದರ ಮುಂದಿದ್ದ ಪುಟ್ಟ ಅಡ್ಡಗೆರೆ ನೆರಳನ್ನು ತೆಗೆಯುವಾಗ ಅಳಿಸಿಹೋಗಿತ್ತು, ಮೂಲ ಸ್ಕ್ರೀನ್‌ಶಾಟ್‌ನಲ್ಲಿ ಮಸುಕಾಗಿ ಕಾಣುತ್ತಿತ್ತು. ಬರೆದವರ 1 ಹೇಗಿರುತ್ತದೆ ಎಂದು ಅದೇ ಪುಟದ ಬೇರೆ ಸಾಲುಗಳಲ್ಲಿ ನೋಡುವುದು ಇಂತಹ ಅನುಮಾನಕ್ಕೆ ಒಳ್ಳೆಯ ಪರಿಹಾರ: 1120 ಮತ್ತು 145ರಲ್ಲಿ ಮಾವನ 1 ನೆಟ್ಟಗೆ ನಿಂತಿದೆ, ಇಲ್ಲಿಯದು ಬಲಕ್ಕೆ ವಾಲಿದೆ. 45 ಎಂದು ತಿದ್ದಿದ ಮೇಲೆ ವ್ಯತ್ಯಾಸ 525ಕ್ಕೆ ಇಳಿಯಿತು. ಅದೂ 9ರಿಂದ ಭಾಗವಾಗುವುದಿಲ್ಲ, ಅದರ ಅರ್ಧದ ನಮೂದೂ ಇಲ್ಲ.

ಇಲ್ಲಿ ವೃತ್ತದ ಅಂಕಿಗಳು ಕೈಹಿಡಿದವು. ಒಟ್ಟು ಮೊತ್ತ ಇಡೀ ಪುಟಕ್ಕೆ ಒಂದೇ ಪರೀಕ್ಷೆಯಾದರೆ, ವೃತ್ತಗಳು ಮೂವರು ಗಿರಾಕಿಗಳಿಗೆ, ನಿರ್ದಿಷ್ಟ ದಿನದವರೆಗಿನ ಪರೀಕ್ಷೆಗಳು. 9ನೇ ಸಾಲಿನವರೆಗೆ ಟೈಲರ್ ಖಾತೆ 1120ರಲ್ಲಿ 500 ಕಳೆದು 620, ಸರಿ. 16ನೇ ಸಾಲಿನವರೆಗೆ ಕೆಳಮನೆ 640, 260, 20 ಕೂಡಿ 400 ಕಳೆದು 520, ಸರಿ. ಆದರೆ 13ನೇ ಸಾಲಿನಲ್ಲಿ ಮೇಷ್ಟ್ರ ಖಾತೆ 82.50 ಆಗಬೇಕಾದಲ್ಲಿ ನನ್ನದು 652.50 ತೋರಿಸಿತು. ವ್ಯತ್ಯಾಸ 570, ಅದರ ಅರ್ಧ 285, ಆ ಸಾಲಿನ ಮೊತ್ತವೇ 285. ಪುಟದಲ್ಲಿ ಜಮಾ ಎಂಬುದಕ್ಕೆ "ಜ." ಎಂಬ ಒಂದೇ ಅಕ್ಷರದ ಗುರುತು, ಅದು ಹೆಸರಿನ ಬಾಲಕ್ಕೆ ಅಂಟಿಕೊಂಡಿತ್ತು. ಅದನ್ನು ಗಮನಿಸದೆ ಮೇಷ್ಟ್ರು ಕೊಟ್ಟ ಹಣವನ್ನು ಅವರ ತಲೆಗೇ ಸಾಲವಾಗಿ ಏರಿಸಿದ್ದೆ. ಇಂತಹ ತಪ್ಪು ಬೇರೆ ಯಾವುದಕ್ಕಿಂತಲೂ ಕೆಟ್ಟದ್ದು, ಏಕೆಂದರೆ ಹಣ ಕೊಟ್ಟವರ ಬಳಿ ಹೋಗಿ ಮತ್ತೆ ಕೇಳಿದಂತಾಗುತ್ತದೆ. ಮೊತ್ತವನ್ನು F ಕಂಬಕ್ಕೆ ಸರಿಸಿದೆ.

ಈಗ ನನ್ನ ಒಟ್ಟು 3111.50, ಪುಸ್ತಕಕ್ಕಿಂತ 45 ಕಡಿಮೆ. ರಾಜುವಿನ ಸಕ್ಕರೆಯೂ 45 ರೂಪಾಯಿಯದೇ ಆದ್ದರಿಂದ, ಆ ಸಾಲು ಬಿಟ್ಟುಹೋಯಿತೇನೋ ಎಂದು ಮೊದಲು ಅದನ್ನೇ ನೋಡಿದೆ. ಅದು ಹಾಳೆಯಲ್ಲಿ ಇತ್ತು, ಕೂಡಿಕೆಯಲ್ಲಿಯೂ ಸೇರಿತ್ತು. 45 ಎಂಬುದು 9ರ ಐದು ಪಟ್ಟು. ಹತ್ತರ ಸ್ಥಾನದ ಅಂಕಿ a, ಬಿಡಿಯ ಸ್ಥಾನದ್ದು b ಆಗಿದ್ದು ಅವು ಅದಲುಬದಲಾದರೆ ವ್ಯತ್ಯಾಸ 9(a−b) ಆಗುತ್ತದೆ. ಹಾಗಾದರೆ ಕೊನೆಯ ಎರಡು ಅಂಕಿಗಳ ನಡುವೆ 5ರ ಅಂತರ ಇರುವ ನಮೂದನ್ನು ಹುಡುಕಬೇಕು. ನಾನು ಒತ್ತಿದ ಮೊತ್ತಗಳಲ್ಲಿ ಅಂತಹವು ಎರಡೇ: 14ನೇ ಸಾಲಿನ 327, 20ನೇ ಸಾಲಿನ 38. ಎರಡೂ ಟೈಲರ್ ಖಾತೆಯವು, ಆದ್ದರಿಂದ ಯಾವುದನ್ನು ತಿದ್ದಿದರೂ ಬಾಕಿ ಒಂದೇ ಬರುತ್ತಿತ್ತು. ಆದರೂ ಲೆಕ್ಕ ಕೂಡುತ್ತದೆಂಬ ಕಾರಣಕ್ಕೆ ತಿದ್ದುವುದು ಸರಿಯಲ್ಲ, ಚಿತ್ರದಲ್ಲಿ ಕಂಡದ್ದರಿಂದ ತಿದ್ದಬೇಕು. ಚಿತ್ರದಲ್ಲಿ 38 ಸ್ಪಷ್ಟವಾಗಿಯೇ 38. 14ನೇ ಸಾಲಿನಲ್ಲಿ ಇದ್ದದ್ದು 372, ನಾನು ಒತ್ತುವಾಗ 327 ಆಗಿತ್ತು. ತಿದ್ದಿದ ಮೇಲೆ ಒಟ್ಟು 3156.50 ಬಂತು.

ಒಟ್ಟು ಹೇಳದ ವಿಷಯ

ಇಲ್ಲಿಗೆ ಕೆಲಸ ಮುಗಿಯಿತೆಂದು ನಿಲ್ಲಿಸಿದ್ದರೆ ದೊಡ್ಡ ಲೋಪವಾಗುತ್ತಿತ್ತು. ಒಟ್ಟು ಮೊತ್ತ ತಾಳೆಯಾದದ್ದು ಮೊತ್ತಗಳನ್ನು ಸರಿಯಾಗಿ ಓದಿದ್ದಕ್ಕೆ ಸಾಕ್ಷಿ, ಅವನ್ನು ಸರಿಯಾದ ಹೆಸರಿಗೆ ಬರೆದಿದ್ದಕ್ಕೆ ಅಲ್ಲ. "ರಾ. ಸೋಪು 76" ಎಂಬುದನ್ನು ರಾಜಣ್ಣನಿಗೆ ಹಾಕಿದರೂ ರಾಜುವಿಗೆ ಹಾಕಿದರೂ ಒಟ್ಟು 3156.50 ಆಗಿಯೇ ಇರುತ್ತದೆ. ವೃತ್ತಗಳೂ ಇಲ್ಲಿ ನೆರವಾಗಲಿಲ್ಲ, ಏಕೆಂದರೆ ಆ ವಾರ ರಾಜಣ್ಣನಾಗಲಿ ರಾಜುವಾಗಲಿ ಹಣ ಕಟ್ಟಿರಲಿಲ್ಲ.

ಹಾಳೆಯನ್ನು ಮುಂದಿಟ್ಟುಕೊಂಡು ಮಾವನ ಬಳಿ ಕುಳಿತೆ. "ಮಾವ, ರಾಜು ಮತ್ತೆ ರಾಜಣ್ಣ ಒಬ್ಬರೇನಾ?" ಎಂದು ಕೇಳಿದೆ.

"ಅಲ್ಲ ಕಣೋ. ರಾಜು ಅಂದ್ರೆ ಆಟೋ ಓಡಿಸ್ತಾನಲ್ಲ, ಆ ಹುಡುಗ. ರಾಜಣ್ಣ ಗ್ಯಾರೇಜಿನವರು."

"ಹಾಗಾದ್ರೆ ಒಂಬತ್ತನೇ ತಾರೀಕು ಬರೀ 'ರಾ' ಅಂತ ಬರೆದಿದ್ದೀರಲ್ಲ, ಅದು ಯಾರದ್ದು?"

ಮಾವ ಬಹಳ ಹೊತ್ತು ಯೋಚಿಸಿ, "ರಾಜಣ್ಣನ ಮನೇದೇ ಇರಬೇಕು. ಆದ್ರೆ ಆಣೆ ಮಾಡಿ ಹೇಳೋಕಾಗಲ್ಲ" ಎಂದರು.

ಆಣೆ ಮಾಡಿ ಹೇಳಲಾಗದ 76 ರೂಪಾಯಿಯನ್ನು ಯಾರ ತಲೆಗೂ ಕಟ್ಟಬಾರದು. `Khate` ಹಾಳೆಯಲ್ಲಿ "ಅನುಮಾನ" ಎಂಬ ಖಾತೆ ತೆರೆದು ಅದನ್ನು ಅಲ್ಲಿ ಇಟ್ಟೆ. ಆ ಹಂತದಲ್ಲಿ ಬಾಕಿಗಳು ಹೀಗಿದ್ದವು: ಕೆಳಮನೆ 520, ಮೇಷ್ಟ್ರು 602.50, ಟೈಲರ್ 1030, ರಾಜಣ್ಣ 580, ಸಾವಿತ್ರಮ್ಮ 303, ರಾಜು 45, ಅನುಮಾನ 76. ಕೆಳಮನೆಯವರ ಬಾಕಿ ಮತ್ತು ಮೇಷ್ಟ್ರ ಅಕ್ಕಿಯ ಮೊತ್ತ ಎರಡೂ 520 ಆಗಿರುವುದು ಆಕಸ್ಮಿಕ. ಅಕ್ಕಿಯ ಮೊತ್ತವನ್ನು ಮಾತ್ರ ಇನ್ನೊಂದು ದಾರಿಯಿಂದ ಪರಿಶೀಲಿಸಲು ಸಾಧ್ಯವಾಯಿತು: ಕೆಳಮನೆಗೆ 5 ಕಿಲೋಗೆ 260 ಹಾಕಿದ್ದರಿಂದ 10 ಕಿಲೋಗೆ 520 ಎಂಬುದು ದರಕ್ಕೆ ಹೊಂದುತ್ತದೆ.

ಗಿರಾಕಿಗಳನ್ನು ಕೇಳುವ ಬಗೆಯನ್ನೂ ಮಾವನೊಂದಿಗೆ ಮಾತಾಡಿಕೊಂಡೆ. "ಒಂಬತ್ತನೇ ತಾರೀಕು 76 ರೂಪಾಯಿಯ ಸೋಪು ತಗೊಂಡಿದ್ರಾ?" ಎಂದು ಕೇಳಿದರೆ ಸಂಕೋಚದ ಮನುಷ್ಯ ಹೌದೆಂದುಬಿಡುತ್ತಾನೆ, ಆಗ ಆ ಉತ್ತರಕ್ಕೆ ಬೆಲೆಯಿಲ್ಲ. "ಆ ಸೋಮವಾರದಿಂದ ಏನೇನು ಒಯ್ದಿದ್ರಿ?" ಎಂದು ಕೇಳಿ, ಸೋಪಿನ ಮಾತು ಅವರ ಬಾಯಿಂದಲೇ ಬರುತ್ತದೆಯೇ ಎಂದು ಕಾಯಬೇಕು. ರಾಜಣ್ಣ ಬೇಳೆಯೊಂದನ್ನೇ ಹೇಳಿದರು. ಎರಡು ದಿನ ಬಿಟ್ಟು ಅಂಗಡಿಗೆ ಬಂದ ಅವರ ಹೆಂಡತಿ ತಾವಾಗಿಯೇ, ಬಟ್ಟೆ ಸೋಪು ಮತ್ತು ಮೈಸೋಪು ತಮ್ಮ ಮಗಳು ಒಯ್ದದ್ದು ಎಂದರು. ರಾಜುವನ್ನು ಕೇಳಿದಾಗ ಸಕ್ಕರೆಯ ಹೊರತು ಬೇರೇನೂ ಒಯ್ದಿಲ್ಲ ಎಂದ. ಅದರ ನಂತರವೇ 17ನೇ ಸಾಲಿನ D ಕಂಬವನ್ನು "ರಾಜಣ್ಣ" ಎಂದು ಬದಲಿಸಿ, ಷರಾದಲ್ಲಿ ಯಾರ ಮಾತಿನ ಮೇಲೆ, ಯಾವ ದಿನ ಬದಲಿಸಿದೆ ಎಂದು ಬರೆದೆ. C ಕಂಬದಲ್ಲಿ ಇಂದಿಗೂ "ರಾ." ಎಂದೇ ಇದೆ. ರಾಜಣ್ಣನ ಬಾಕಿ 656 ಆಯಿತು, ಅನುಮಾನದ ಖಾತೆ ಸೊನ್ನೆಯಾಯಿತು.

ಜೂನ್ 11ರಿಂದ ಪುಸ್ತಕ ನೆನೆದ ರಾತ್ರಿಯವರೆಗಿನ ವ್ಯವಹಾರ ಈ ಚಿತ್ರದಲ್ಲಿ ಇಲ್ಲ. ಅದನ್ನು ಗಿರಾಕಿಗಳ ಮತ್ತು ಮಾವನ ನೆನಪಿನಿಂದ ಬರೆಯಬೇಕಾಯಿತು. ಅಂತಹ ಪ್ರತಿ ನಮೂದಿನ ಷರಾದಲ್ಲಿ "ಹೇಳಿಕೆಯಿಂದ" ಎಂದು ಹಾಕಿ, ಚಿತ್ರದಿಂದ ಬಂದವುಗಳೊಂದಿಗೆ ಬೆರೆಯದಂತೆ ಬೇರೆ ಬಣ್ಣ ಕೊಟ್ಟೆ. ಇಬ್ಬರ ನೆನಪೂ ಒಂದೇ ಮೊತ್ತ ಹೇಳದಿದ್ದಾಗ ಮಾವ ಕಡಿಮೆ ಮೊತ್ತವನ್ನೇ ಬರೆಸಿದರು. ಅದು ಅವರ ತೀರ್ಮಾನ, ನನಗೆ ಸರಿ ಎನಿಸಿತು. ಈ ಹಾಳೆ ಮೂಲ ಪುಸ್ತಕದ ಸ್ಥಾನದಲ್ಲಿ ನಿಲ್ಲುವುದಿಲ್ಲ ಎಂಬುದನ್ನೂ ಅವರಿಗೆ ತಿಳಿಸಿದೆ. 1872ರ ಸಾಕ್ಷ್ಯ ಅಧಿನಿಯಮದ 34ನೇ ಕಲಂ ಕ್ರಮವಾಗಿ ಬರೆದಿಟ್ಟ ಲೆಕ್ಕದ ಪುಸ್ತಕಕ್ಕೂ, ಬೇರೆ ಸಾಕ್ಷ್ಯವಿಲ್ಲದೆ ಅದರ ಬರಹವೊಂದರಿಂದಲೇ ಹೊಣೆ ಹೊರಿಸಲಾಗದು ಎಂಬ ಮಿತಿ ಹಾಕಿತ್ತು. ಚಿತ್ರದಿಂದ ಮರಳಿ ಕಟ್ಟಿದ ಹಾಳೆಯ ಬಲ ಅದಕ್ಕಿಂತಲೂ ಕಡಿಮೆ. ಗಿರಾಕಿಯ ಒಪ್ಪಿಗೆಯೇ ಇದರ ಆಧಾರ.

ಆದ್ದರಿಂದ ಹೊಸ ಪುಸ್ತಕವನ್ನು ಮಾವ ಬಾಲ್‌ಪೆನ್ನಿನಲ್ಲಿ, ಒಬ್ಬೊಬ್ಬರಿಗೆ ಒಂದೊಂದು ಪುಟದಂತೆ ಆರಂಭಿಸಿದ್ದಾರೆ. ಪ್ರತಿ ಪುಟದ ಮೊದಲ ಸಾಲಿನಲ್ಲಿ ಜೂನ್ 10ರ ಬಾಕಿ, ಅದರ ಕೆಳಗೆ "ಹೇಳಿಕೆಯಿಂದ" ಬಂದ ನಮೂದುಗಳು, ಪಕ್ಕದಲ್ಲಿ ಹಾಳೆಯ ಸಾಲಿನ ಸಂಖ್ಯೆಗಳು. ಗಿರಾಕಿ ಬಂದಾಗ ಓದಿ ಹೇಳಿ, ಅವರು ಒಪ್ಪಿದ ಮೇಲೆ ಕೊನೆಯ ಮೊತ್ತಕ್ಕೆ ವೃತ್ತ ಹಾಕುತ್ತಾರೆ. ಆರು ಪುಟಗಳಲ್ಲಿ ಈವರೆಗೆ ಐದಕ್ಕೆ ವೃತ್ತ ಬಿದ್ದಿದೆ. ಮಗಳ ಮನೆಗೆ ಹೋಗಿರುವ ಸಾವಿತ್ರಮ್ಮ ಊರಿಗೆ ಮರಳಿದ ಮೇಲೆ ಅವರ 303 ರೂಪಾಯಿಯನ್ನು ಓದಿ ಹೇಳಬೇಕಾಗಿದೆ.